ನಮ್ಮ ರೇಷನ್ ಕಾರ್ಡ್ ಯಾವ ಅಂಗಡಿಗೆ ಸೇರಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕಾರ್ಡ್ ಬಂದವರು, ಮನೆ ಬದಲಾಯಿಸಿದವರು, ಅಂಗಡಿ ಮುಚ್ಚಿ ಹೋಗಿ ಎಲ್ಲಿಗೆ ಹೋಗಬೇಕು ಅಂತ ತಿಳಿಯದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಎಲ್ಲವೂ ಕರ್ನಾಟಕದ ಪಡಿತರ ಚೀಟಿಗೆ ಸಂಬಂಧಿಸಿದ್ದು. ಬೇರೆ ರಾಜ್ಯಕ್ಕೆ ದುಡಿಯಲು ಹೋದವರಿಗೂ ಒಂದು ಪ್ರಶ್ನೆ ಸೇರಿಸಿದ್ದೇನೆ.

ನಮ್ಮ ಮನೆ ವಿಳಾಸಕ್ಕೆ ಯಾವ ನ್ಯಾಯಬೆಲೆ ಅಂಗಡಿ ಅಂತ ಹೇಗೆ ತಿಳಿಯುವುದು?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಅಂಗಡಿಯನ್ನು ಹಂಚುವುದು ಮನೆಗಲ್ಲ, ಕಾರ್ಡಿಗೆ. ಅರ್ಜಿ ಹಾಕುವಾಗ ಕೊಟ್ಟ ಊರು ಅಥವಾ ಬಡಾವಣೆ ನೋಡಿ ಆ ಕಾರ್ಡನ್ನು ಒಂದು ಅಂಗಡಿಗೆ ಸೇರಿಸಿರುತ್ತಾರೆ. ಆಮೇಲೆ ನೀವು ಮನೆ ಬದಲಾಯಿಸಿದರೂ ಕಾರ್ಡ್ ಹಳೇ ಅಂಗಡಿಯಲ್ಲೇ ಉಳಿಯುತ್ತದೆ. ಯಾರಾದರೂ ಅರ್ಜಿ ಹಾಕಿ ಬದಲಾಯಿಸುವ ತನಕ ಅದು ತಾನಾಗಿ ಕದಲುವುದಿಲ್ಲ.

ಹಾಗಾಗಿ ಒಂದೇ ಬೀದಿಯ ಎರಡು ಮನೆಯವರು ಬೇರೆ ಬೇರೆ ಅಂಗಡಿಗೆ ಸೇರಿರಬಹುದು. ಒಂದೇ ಕಟ್ಟಡದಲ್ಲಿ ಬಾಡಿಗೆಗಿರುವ ಇಬ್ಬರಲ್ಲಿ ಒಬ್ಬರ ಅಂಗಡಿ ಎದುರು ರಸ್ತೆಯಲ್ಲಿ, ಇನ್ನೊಬ್ಬರದು ಬೇರೆ ಜಿಲ್ಲೆಯಲ್ಲಿ ಇರಬಹುದು. ‘ಈ ವಿಳಾಸಕ್ಕೆ ಯಾವ ಅಂಗಡಿ’ ಅಂತ ಹುಡುಕಿದರೆ ಸಿಗುವ ಉತ್ತರ ಒಂದು, ‘ನನ್ನ ಕಾರ್ಡಿಗೆ ಯಾವ ಅಂಗಡಿ’ ಅಂತ ಹುಡುಕಿದರೆ ಸಿಗುವುದು ಇನ್ನೊಂದು. ಗೊಂದಲ ಆಗುವುದು ಜಾಸ್ತಿ ಇಲ್ಲೇ. ಎರಡನೆಯದನ್ನು ಮೊದಲು ನೋಡಿ.

ಕಾರ್ಡ್ ಕೈಯಲ್ಲೇ ಇದೆ. ಅದರಲ್ಲೇ ಅಂಗಡಿ ಇರುತ್ತಲ್ವಾ?

ಇರುತ್ತದೆ. ಪಡಿತರ ಚೀಟಿಯ ಮೇಲೆ ಕಾರ್ಡ್ ಸಂಖ್ಯೆ, ಕುಟುಂಬದ ಮುಖ್ಯಸ್ಥರ ಹೆಸರು, ವಿಳಾಸದ ಜೊತೆಗೆ ನ್ಯಾಯಬೆಲೆ ಅಂಗಡಿಯ ವಿವರವೂ ಅಚ್ಚಾಗಿರುತ್ತದೆ. ಅಂಗಡಿಯ ಹೆಸರಿಗಿಂತ ಅದರ ಸಂಖ್ಯೆಯನ್ನೇ ನಂಬಿ. ‘ವ್ಯವಸಾಯ ಸೇವಾ ಸಹಕಾರಿ ಸಂಘ’ ಅಂತ ಹೆಸರಿರುವ ಅಂಗಡಿಗಳು ಒಂದೇ ತಾಲೂಕಿನಲ್ಲಿ ಹಲವಾರು ಇರುತ್ತವೆ. ಜನರ ಬಾಯಲ್ಲಿ ಎಲ್ಲವೂ ‘ಸೊಸೈಟಿ’ಯೇ. ಸಂಖ್ಯೆ ಮಾತ್ರ ಒಂದಕ್ಕೆ ಒಂದೇ.

ಆದರೆ ಅಚ್ಚಾದ ಕಾಗದ ಅಚ್ಚಾದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆಮೇಲೆ ಆ ಅಂಗಡಿಯ ಪರವಾನಗಿ ರದ್ದಾಗಿರಬಹುದು, ಅಂಗಡಿ ಎರಡಾಗಿ ಒಡೆದಿರಬಹುದು, ನಿಮ್ಮ ಊರನ್ನು ಬೇರೆ ಅಂಗಡಿಗೆ ಸೇರಿಸಿರಬಹುದು. ಕಂಪ್ಯೂಟರಿನಲ್ಲಿ ಬದಲಾಗಿದ್ದರೂ ನಿಮ್ಮ ಕೈಯಲ್ಲಿರುವ ಹಳೇ ಕಾರ್ಡಿನಲ್ಲಿ ಹಳೇ ಸಂಖ್ಯೆಯೇ ಇರುತ್ತದೆ. ಎರಡೂ ಬೇರೆ ಬೇರೆ ಇದ್ದರೆ ಕಂಪ್ಯೂಟರಿನಲ್ಲಿ ಇರುವುದೇ ಸರಿ. ಅಂಗಡಿಗೆ ಅಕ್ಕಿ ಹಂಚಿಕೆ ಆಗುವುದು ಆ ಲೆಕ್ಕದ ಮೇಲೇ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಒಂದಿದೆ, ಹೋದ ತಿಂಗಳ ರಸೀದಿ. ಹೆಬ್ಬೆಟ್ಟು ಕೊಟ್ಟ ಮೇಲೆ ಯಂತ್ರದಿಂದ ಬರುವ ಆ ಸಣ್ಣ ಚೀಟಿಯಲ್ಲಿ ಅಂಗಡಿ ಸಂಖ್ಯೆ, ನಿಮ್ಮ ಕಾರ್ಡ್ ಸಂಖ್ಯೆ, ದಿನಾಂಕ, ಎಷ್ಟು ಕೆಜಿ ಅನ್ನುವುದು ಇರುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಆ ಕಾಗದದ ಅಚ್ಚು ಕೆಲವೇ ವಾರದಲ್ಲಿ ಮಾಸಿ ಹೋಗುತ್ತದೆ, ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಒಂದು ಎಚ್ಚರಿಕೆ ಮಾತ್ರ ಬೇಕು. ರಸೀದಿ ಹೇಳುವುದು ಆ ತಿಂಗಳು ಎಲ್ಲಿ ತೆಗೆದುಕೊಂಡಿರಿ ಅನ್ನುವುದನ್ನು. ಬೇರೆ ಊರಿನ ಅಂಗಡಿಯಲ್ಲಿ ತೆಗೆದುಕೊಂಡಿದ್ದರೆ ಅದರಲ್ಲಿರುವುದು ನಿಮಗೆ ಹಂಚಿದ ಅಂಗಡಿಯ ಸಂಖ್ಯೆ ಅಲ್ಲ.

ಆನ್‌ಲೈನಿನಲ್ಲಿ ನೋಡುವುದು ಹೇಗೆ?

ಆಹಾರ ಇಲಾಖೆಯ ಜಾಲತಾಣ ahara.karnataka.gov.in. ಇದನ್ನೇ ಟೈಪ್ ಮಾಡಿ ಹೋಗಿ. ‘ರೇಷನ್ ಕಾರ್ಡ್ ಚೆಕ್’ ಅಂತ ಹುಡುಕಿದರೆ ಸಿಗುವ ಬೇರೆ ತಾಣಗಳಲ್ಲಿ ಆಧಾರ್ ಸಂಖ್ಯೆ ಹಾಕಬೇಡಿ. ಇಲಾಖೆಯ ವಿಳಾಸ gov.in ಅಂತ ಮುಗಿಯುತ್ತದೆ.

ಒಳಗೆ ಹೋದ ಮೇಲೆ ಇ-ಸೇವೆಗಳ ಭಾಗ ತೆರೆಯಿರಿ. ಅಲ್ಲಿ ಬದಿಯ ಮೆನುವಿನಲ್ಲಿ ಎರಡು ಜಾಗ ನಿಮಗೆ ಬೇಕಾದವು. ಕಾರ್ಡಿನ ಸ್ಥಿತಿ ತೋರಿಸುವ ಭಾಗ ಒಂದು. ಅಲ್ಲಿ ಮೊದಲು ನಿಮ್ಮ ಜಿಲ್ಲೆ ಸೇರುವ ವಿಭಾಗ ಕೇಳುತ್ತದೆ, ಆಮೇಲೆ ಕಾರ್ಡ್ ಸಂಖ್ಯೆ ಕೇಳುತ್ತದೆ. ಸಂಖ್ಯೆ ಹಾಕಿದರೆ ಕಾರ್ಡಿನ ವಿವರ ಬರುತ್ತದೆ. ಇನ್ನೊಂದು Show Village List ಅನ್ನುವ ಪಟ್ಟಿ. ಅಲ್ಲಿ ಜಿಲ್ಲೆ, ತಾಲೂಕು, ಗ್ರಾಮ ಪಂಚಾಯಿತಿ, ಗ್ರಾಮ ಆರಿಸುತ್ತಾ ಹೋದರೆ ಆ ಊರಿನ ಕಾರ್ಡುಗಳ ಪಟ್ಟಿ ತೆರೆಯುತ್ತದೆ. ಕಾರ್ಡ್ ಸಂಖ್ಯೆ ಮರೆತವರಿಗೆ ಈ ದಾರಿ ಒಳ್ಳೆಯದು. ಮುಖ್ಯಸ್ಥರ ಹೆಸರಿನಿಂದ ಸಂಖ್ಯೆ ಹುಡುಕಿ, ಅದನ್ನು ಮೊದಲನೇ ಜಾಗದಲ್ಲಿ ಹಾಕಿ.

ಮೆನುವಿನ ಹೆಸರು, ಜಾಗ ಆಗಾಗ ಬದಲಾಗುತ್ತವೆ. ತಿಂಗಳ ಮೊದಲ ದಿನಗಳಲ್ಲಿ ಅಂಗಡಿಗಳಲ್ಲಿ ವಿತರಣೆ ಜೋರಾಗಿ ನಡೆಯುವಾಗ ಸರ್ವರ್ ನಿಧಾನ ಆಗುವುದೂ ಉಂಟು. ಪುಟ ತೆರೆಯದಿದ್ದರೆ ರಾತ್ರಿ ಅಥವಾ ಬೆಳಗ್ಗೆ ಬೇಗ ನೋಡಿ. ‘ಮಾಹಿತಿ ಇಲ್ಲ’ ಅಂತ ಬಂದ ತಕ್ಷಣ ಕಾರ್ಡ್ ರದ್ದಾಯಿತು ಅಂದುಕೊಳ್ಳಬೇಡಿ. ತಪ್ಪು ವಿಭಾಗ ಆರಿಸಿದ್ದರೂ ಅದೇ ಉತ್ತರ ಬರುತ್ತದೆ. ಕಾರ್ಡ್ ರದ್ದಾಗಿದೆಯೋ ಇಲ್ಲವೋ ಅಂತ ನೋಡಲು ಅದೇ ತಾಣದಲ್ಲಿ ರದ್ದಾದ ಮತ್ತು ತಡೆಹಿಡಿದ ಕಾರ್ಡುಗಳ ಪಟ್ಟಿ ಬೇರೆಯೇ ಇದೆ.

ಪಟ್ಟಿಯಲ್ಲಿ ನಮ್ಮ ಊರಿನ ಹೆಸರೇ ಇಲ್ಲ. ಏನು ಮಾಡಬೇಕು?

ಊರು ಇರುತ್ತದೆ, ಬೇರೆ ಹೆಸರಿನ ಅಡಿಯಲ್ಲಿ ಇರುತ್ತದೆ. ಪಟ್ಟಿ ನಡೆಯುವುದು ಕಂದಾಯ ಗ್ರಾಮದ ಹೆಸರಿನ ಮೇಲೆ. ನಾವು ದಿನಾ ಹೇಳುವ ಊರಿನ ಹೆಸರು ಅನೇಕ ಸಲ ಕಂದಾಯ ಗ್ರಾಮದ ಹೆಸರಾಗಿರುವುದಿಲ್ಲ. ಸಿಂಧನೂರು ಕಡೆಯ ಕ್ಯಾಂಪುಗಳು, ವಿಜಯಪುರ, ಕಲಬುರಗಿ ಕಡೆಯ ತಾಂಡಾಗಳು, ಚಿತ್ರದುರ್ಗದ ಗೊಲ್ಲರಹಟ್ಟಿಗಳು, ರಾಮನಗರ ಕಡೆಯ ದೊಡ್ಡಿಗಳು, ಎಚ್.ಡಿ. ಕೋಟೆಯ ಹಾಡಿಗಳು ಎಷ್ಟೋ ಕಡೆ ಪಕ್ಕದ ದೊಡ್ಡ ಊರಿನ ಹೆಸರಿನಲ್ಲಿ ಸೇರಿಕೊಂಡಿರುತ್ತವೆ. ಕಂದಾಯ ಗ್ರಾಮದ ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿರುವ ಪಹಣಿ ಅಥವಾ ಜಾತಿ, ಆದಾಯ ಪ್ರಮಾಣಪತ್ರ ನೋಡಿ. ಅದರಲ್ಲಿ ಗ್ರಾಮದ ಹೆಸರು ಇರುತ್ತದೆ.

ಎರಡನೇ ಕಾರಣ ಹೊಸ ತಾಲೂಕು, ಹೊಸ ಜಿಲ್ಲೆ. ರಾಯಚೂರಿನಲ್ಲಿ ಮಸ್ಕಿ, ಸಿರವಾರ ಹೊಸ ತಾಲೂಕುಗಳಾದವು. ಮಸ್ಕಿಗೆ ಸೇರಿದ ಊರಿನವರ ಹಳೇ ಕಾರ್ಡಿನಲ್ಲಿ ಲಿಂಗಸುಗೂರು ಅಥವಾ ಸಿಂಧನೂರು ಅಂತ ಇರಬಹುದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಹಡಗಲಿ, ಕೂಡ್ಲಿಗಿ ಕಡೆಯವರ ಹಳೇ ಕಾರ್ಡಿನಲ್ಲಿ ಬಳ್ಳಾರಿ ಅಂತಲೇ ಇರುತ್ತದೆ. ಹರಪನಹಳ್ಳಿಯವರದ್ದು ಇನ್ನೂ ಒಂದು ಹೆಜ್ಜೆ ಮುಂದೆ, ಅದು ದಾವಣಗೆರೆಯಿಂದ ಬಳ್ಳಾರಿಗೆ ಬಂದು ಆಮೇಲೆ ವಿಜಯನಗರಕ್ಕೆ ಹೋಯಿತು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಪಟ್ಟಣದಲ್ಲಿದ್ದರೆ ಗ್ರಾಮದ ಬದಲು ನಗರದ ಪಟ್ಟಿ ಆರಿಸಬೇಕು. ಬೆಂಗಳೂರು ನಗರದಲ್ಲಿ ತಾಲೂಕಿನ ಲೆಕ್ಕವೂ ಇಲ್ಲ. ಅಲ್ಲಿ ಇಲಾಖೆಯ ವಲಯ ಕಚೇರಿಗಳಿವೆ, ಜನ ಅದನ್ನು ‘ರೇಂಜ್ ಆಫೀಸು’ ಅನ್ನುತ್ತಾರೆ. ರೇಂಜಿನ ಗಡಿಯೂ ಪಾಲಿಕೆ ವಾರ್ಡಿನ ಗಡಿಯೂ ಒಂದೇ ಅಲ್ಲ. ವಾರ್ಡ್ ಸಂಖ್ಯೆ ಹಿಡಿದು ಅಂಗಡಿ ಹುಡುಕಲು ಹೋಗಬೇಡಿ. ಹತ್ತಿರದ ಯಾವುದೇ ರೇಷನ್ ಅಂಗಡಿಯ ಬೋರ್ಡ್ ನೋಡಿದರೆ ಅಂಗಡಿ ಸಂಖ್ಯೆ ಸಿಗುತ್ತದೆ. ಆ ಅಂಗಡಿ ಯಾವ ರೇಂಜ್ ಅಂತ ಒಳಗೆ ಕೇಳಿದರೆ ನೀವು ಹೋಗಬೇಕಾದ ಕಚೇರಿ ಯಾವುದು ಅಂತಲೂ ತಿಳಿಯುತ್ತದೆ.

‘ಮೇರಾ ರೇಷನ್’ ಆ್ಯಪ್ ಹತ್ತಿರದ ಅಂಗಡಿ ತೋರಿಸುತ್ತಿದೆ. ಅದೇ ನಮ್ಮ ಅಂಗಡಿಯಾ?

ಆಗಿರಲೇಬೇಕು ಅಂತ ಇಲ್ಲ. ಇದು ಕೇಂದ್ರ ಸರ್ಕಾರದ ಆ್ಯಪ್, 2021ರಲ್ಲಿ ಬಂತು. ಈಗ ಇರುವುದು Mera Ration 2.0. ಆಧಾರ್ ಸಂಖ್ಯೆ ಹಾಕಿ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಗೆ ಹೋಗಬೇಕು. ಒಳಗೆ ಕುಟುಂಬದ ವಿವರ, ಸಿಗಬೇಕಾದ ಧಾನ್ಯ, ಹಿಂದೆ ತೆಗೆದುಕೊಂಡ ರೇಷನ್ನಿನ ವಿವರ ಇರುತ್ತದೆ. ಹತ್ತಿರದ ಅಂಗಡಿಗಳನ್ನು ತೋರಿಸುವ ಭಾಗವೂ ಇದೆ.

ಆ ಭಾಗ ನೋಡುವುದು ನಿಮ್ಮ ಫೋನ್ ಈಗ ಎಲ್ಲಿದೆ ಅನ್ನುವುದನ್ನು, ಕಾರ್ಡ್ ಎಲ್ಲಿಗೆ ಸೇರಿದೆ ಅನ್ನುವುದನ್ನಲ್ಲ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನಿಂತು ತೆರೆದರೆ ಹುಬ್ಬಳ್ಳಿಯ ಅಂಗಡಿಗಳೇ ಬರುತ್ತವೆ. ಹೊಸ ಊರಿಗೆ ಬಂದವರಿಗೆ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಹಂಚಿದ ಅಂಗಡಿ ತಿಳಿಯಬೇಕಾದರೆ ಕಾರ್ಡಿನ ವಿವರದ ಭಾಗವನ್ನೇ ನೋಡಿ.

ಇಂಟರ್ನೆಟ್ ಇಲ್ಲ, ಓದಲು ಬರುವುದಿಲ್ಲ. ಬೇರೆ ದಾರಿ ಇದೆಯಾ?

ಇದೆ. ಆಧಾರ್ ಕಾರ್ಡ್ ತೆಗೆದುಕೊಂಡು ಹತ್ತಿರದ ಯಾವುದೇ ರೇಷನ್ ಅಂಗಡಿಗೆ ಹೋಗಿ. ಅಂಗಡಿಯ ಯಂತ್ರದಲ್ಲಿ ಕಾರ್ಡ್ ಸಂಖ್ಯೆ ಹಾಕಿದರೆ ಆ ಕಾರ್ಡ್ ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ವಿತರಣೆ ಇಲ್ಲದ ಹೊತ್ತಿನಲ್ಲಿ ಹೋದರೆ ಅಂಗಡಿಯವರಿಗೂ ನೋಡಿ ಹೇಳಲು ಪುರುಸೊತ್ತು ಇರುತ್ತದೆ. ಇಲ್ಲವಾದರೆ ಊರಿನ ಗ್ರಾಮ ಒನ್ ಕೇಂದ್ರ, ಪಟ್ಟಣದಲ್ಲಿ ಕರ್ನಾಟಕ ಒನ್, ಬೆಂಗಳೂರಿನಲ್ಲಿ ಬೆಂಗಳೂರು ಒನ್ ಇವೆ. ಫೋನ್ ಮಾಡುವುದಾದರೆ 1967. ಕಾರ್ಡ್ ಸಂಖ್ಯೆ ಹೇಳಿ, ‘ಈ ಕಾರ್ಡ್ ಯಾವ ಅಂಗಡಿ ಸಂಖ್ಯೆಗೆ ಸೇರಿದೆ’ ಅಂತ ನೇರವಾಗಿ ಕೇಳಿ. ‘ನಮಗೆ ಅಕ್ಕಿ ಸಿಕ್ಕಿಲ್ಲ’ ಅಂತ ಶುರು ಮಾಡಿದರೆ ಅದು ದೂರಿನ ದಾರಿಗೆ ಹೋಗಿಬಿಡುತ್ತದೆ, ನಿಮ್ಮ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಹಂಚಿದ ಅಂಗಡಿಗೇ ಹೋಗಬೇಕಾ? ಹತ್ತಿರದ ಅಂಗಡಿಯಲ್ಲಿ ತೆಗೆದುಕೊಳ್ಳಬಹುದಾ?

ಅಂತ್ಯೋದಯ ಮತ್ತು ಬಿಪಿಎಲ್ ಕಾರ್ಡಿನವರು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ರೇಷನ್ ತೆಗೆದುಕೊಳ್ಳಬಹುದು. ಇದಕ್ಕೆ ಅರ್ಜಿ ಬೇಡ, ಯಾರ ಅನುಮತಿಯೂ ಬೇಡ. ಕಾರ್ಡಿನಲ್ಲಿ ಹೆಸರಿರುವ, ಆಧಾರ್ ಜೋಡಣೆ ಆಗಿರುವ ಒಬ್ಬರು ಹೋದರೆ ಸಾಕು.

ಹಾಗಾದರೆ ಹಂಚಿದ ಅಂಗಡಿ ತಿಳಿದು ಏನು ಪ್ರಯೋಜನ ಅಂತ ಕೇಳಬಹುದು. ಅಕ್ಕಿ ಬರುವ ಲೆಕ್ಕದಲ್ಲಿ ಅದರ ಉತ್ತರ ಇದೆ. ಒಂದು ಅಂಗಡಿಗೆ ಎಷ್ಟು ಮೂಟೆ ಕಳಿಸಬೇಕು ಅನ್ನುವುದಕ್ಕೆ ಆಧಾರ ಅದಕ್ಕೆ ಸೇರಿದ ಕಾರ್ಡುಗಳು. ನೀವು ಬೇರೆ ಅಂಗಡಿಗೆ ಹೋದಾಗ ಅಲ್ಲಿನ ದಾಸ್ತಾನಿನಿಂದ ಕೊಡಬೇಕು. ಹೊರಗಿನವರು ಜಾಸ್ತಿ ಇರುವ ಬಡಾವಣೆಯಲ್ಲಿ, ಕಾರ್ಖಾನೆ ಇರುವ ಕಡೆ ತಿಂಗಳ ಕೊನೆಗೆ ದಾಸ್ತಾನು ಮುಗಿದು ಹೋಗುತ್ತದೆ. ಆಗ ‘ನಿಮ್ಮ ಅಂಗಡಿಗೇ ಹೋಗಿ’ ಅನ್ನುವ ಮಾತು ಬರುತ್ತದೆ. ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳುವವರು ವಿತರಣೆ ಶುರುವಾದ ಮೊದಲ ದಿನಗಳಲ್ಲೇ ಹೋಗುವುದು ಒಳ್ಳೆಯದು.

ದಾಸ್ತಾನು ಇದ್ದೂ ‘ನೀವು ನಮ್ಮ ಕಾರ್ಡ್ ಅಲ್ಲ’ ಅಂತ ವಾಪಸ್ ಕಳಿಸಿದರೆ ಅದು ತಪ್ಪು. ಅಂಗಡಿಯ ಬೋರ್ಡಿನಲ್ಲಿ ಆ ದಿನದ ದಾಸ್ತಾನು, ದರ, ತೆರೆಯುವ ಹೊತ್ತು ಬರೆದಿರಬೇಕು ಅಂತ ನಿಯಮವೇ ಇದೆ. ಬೋರ್ಡ್ ನೋಡಿ ಮಾತಾಡಿ. ಅಂಗಡಿಯವರು ನಿಮ್ಮ ಕಾರ್ಡನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವ ಹಾಗೂ ಇಲ್ಲ.

ಒಂದು ಉದಾಹರಣೆ ಹೇಳಿ. ಊರಿನ ಕಾರ್ಡ್ ಇಟ್ಟುಕೊಂಡು ಬೆಂಗಳೂರಿಗೆ ಬಂದವರು ಏನು ಮಾಡಬೇಕು?

ಸಿಂಧನೂರು ತಾಲೂಕಿನ ಒಂದು ಕ್ಯಾಂಪಿನಿಂದ ಪೀಣ್ಯದ ಕಡೆ ಬಂದ ಕುಟುಂಬ ಅಂತ ಇಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್, ನಾಲ್ಕು ಹೆಸರು. ಗಂಡ, ಹೆಂಡತಿ, ಒಂದು ಮಗು ಇಲ್ಲಿದ್ದಾರೆ. ಅತ್ತೆ ಊರಲ್ಲೇ ಉಳಿದಿದ್ದಾರೆ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕೆಜಿ, ಅಂದರೆ ಕಾರ್ಡಿಗೆ ತಿಂಗಳಿಗೆ 20 ಕೆಜಿ. ರಾಜ್ಯ ಸರ್ಕಾರ ಕೊಡುವುದು ಇದರ ಮೇಲೆ.

ಅವರು ಮೊದಲು ಕಾರ್ಡ್ ಸಂಖ್ಯೆ ಹಾಕಿ ನೋಡುತ್ತಾರೆ. ಅಂಗಡಿ ಸಿಂಧನೂರಿನದೇ ಬರುತ್ತದೆ. ಅದು ತಪ್ಪೇನಲ್ಲ, ಕಾರ್ಡ್ ಇನ್ನೂ ಅಲ್ಲೇ ಇದೆ. ಮನೆ ಓನರ್ ಅಥವಾ ಪಕ್ಕದ ಮನೆಯವರನ್ನು ಕೇಳಿ ಬಾಡಿಗೆ ಮನೆಗೆ ಹತ್ತಿರದ ಅಂಗಡಿಯ ಸಂಖ್ಯೆ ಬರೆದಿಟ್ಟುಕೊಳ್ಳುತ್ತಾರೆ. ಈಗ ಅವರ ಮುಂದೆ ಎರಡು ದಾರಿ ಇವೆ. ಒಂದು, ಕಾರ್ಡನ್ನು ಊರಲ್ಲೇ ಬಿಟ್ಟು ಪೀಣ್ಯದಲ್ಲಿ ಹೆಬ್ಬೆಟ್ಟು ಕೊಟ್ಟು ತೆಗೆದುಕೊಳ್ಳುವುದು. ಎರಡು, ತಿದ್ದುಪಡಿ ಅರ್ಜಿ ಹಾಕಿ ಕಾರ್ಡನ್ನೇ ಬೆಂಗಳೂರಿನ ಅಂಗಡಿಗೆ ತರುವುದು.

ನನ್ನ ಅಭಿಪ್ರಾಯದಲ್ಲಿ ಈ ಕುಟುಂಬ ಎರಡನೇ ದಾರಿಗೆ ಅವಸರ ಮಾಡಬಾರದು. ಕಾರಣ ಅತ್ತೆ. ಕಾರ್ಡ್ ಒಂದೇ. ಸೊಸೆ ಪೀಣ್ಯದಲ್ಲಿ ಹೆಬ್ಬೆಟ್ಟು ಕೊಟ್ಟು ಪೂರ್ತಿ ಅಕ್ಕಿ ತೆಗೆದುಕೊಂಡರೆ ಆ ತಿಂಗಳು ಊರಲ್ಲಿ ಅತ್ತೆಗೆ ಏನೂ ಉಳಿಯುವುದಿಲ್ಲ. ಅವರು ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತ ಮೇಲೆ ‘ನಿಮ್ಮದು ಆಗಲೇ ತಗೊಂಡಿದೆ’ ಅನ್ನುವ ಉತ್ತರ ಕೇಳಿ ಬರಿಗೈಯಲ್ಲಿ ಬರುತ್ತಾರೆ. ವಯಸ್ಸಾದವರಿಗೆ ಇದು ತುಂಬಾ ನೋವಿನ ವಿಷಯ. ಎಷ್ಟೋ ಮನೆಗಳಲ್ಲಿ ಅಂಗಡಿಯವರೇ ಕದ್ದರು ಅಂತ ಜಗಳವೂ ಆಗುತ್ತದೆ. ತಿಂಗಳು ಶುರುವಾಗುವ ಮೊದಲೇ ಫೋನಿನಲ್ಲಿ ಮಾತಾಡಿ, ಈ ಸಲ ಯಾರು ತೆಗೆದುಕೊಳ್ಳುವುದು ಅಂತ ತೀರ್ಮಾನ ಮಾಡಿಕೊಳ್ಳಬೇಕು. ಅತ್ತೆಗೆ ಓಡಾಟ ಕಷ್ಟ, ಮಗನ ಮನೆಯಲ್ಲಿ ಅಕ್ಕಿ ಕೊಳ್ಳುವ ಶಕ್ತಿ ಇದೆ ಅಂದರೆ ಕಾರ್ಡ್ ಊರಲ್ಲೇ ಇರುವುದು ಲೇಸು.

ಅತ್ತೆಯೂ ಬೆಂಗಳೂರಿಗೆ ಬಂದು ನೆಲೆಸಿದರೆ ಆಗ ಬದಲಾಯಿಸಲಿ. ಮುಂದೆ ಇನ್ನೊಂದು ಮಗುವಾದರೆ ಹೆಸರು ಸೇರಿಸುವುದು, ವಿಳಾಸ ತಿದ್ದುವುದು ಎಲ್ಲದಕ್ಕೂ ಸಂಬಂಧಪಟ್ಟ ಕಚೇರಿ ಬೆಂಗಳೂರಿನಲ್ಲೇ ಸಿಗುತ್ತದೆ. ಪ್ರತಿ ಸಲ ಸಿಂಧನೂರಿಗೆ ಹೋಗುವ ಖರ್ಚು ಉಳಿಯುತ್ತದೆ.

ಅಂಗಡಿ ಬದಲಾಯಿಸಲು ಎಲ್ಲಿ ಅರ್ಜಿ ಹಾಕಬೇಕು?

ಇದು ಪಡಿತರ ಚೀಟಿ ತಿದ್ದುಪಡಿಯ ಒಂದು ಭಾಗ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಹಾಕಬಹುದು. ಆಧಾರ್ ಮತ್ತು ಕಾರ್ಡ್ ತೆಗೆದುಕೊಂಡು ಹೋಗಿ. ಹೆಬ್ಬೆಟ್ಟು ಅಥವಾ ಒಟಿಪಿ ಕೇಳುತ್ತದೆ, ಆದ್ದರಿಂದ ಹೆಸರಿರುವವರೇ ಹೋಗಬೇಕು. ತಿದ್ದುಪಡಿಯ ಸರ್ವರ್ ವರ್ಷವಿಡೀ ತೆರೆದಿರುವುದಿಲ್ಲ, ಇಲಾಖೆ ಆಗಾಗ ಕೆಲವು ದಿನ ಬಿಡುತ್ತದೆ. ಹೋಗುವ ಮೊದಲು ಕೇಂದ್ರಕ್ಕೆ ಫೋನ್ ಮಾಡಿ ‘ತಿದ್ದುಪಡಿ ಬಿಟ್ಟಿದ್ದಾರಾ’ ಅಂತ ಕೇಳಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಅರ್ಜಿ ಹಾಕುವಾಗ ಅಂಗಡಿಯ ಹೆಸರು ಹೇಳಿ ಸುಮ್ನೆ ಕೂರಬೇಡಿ. ಅಂಗಡಿ ಸಂಖ್ಯೆ ಬರೆದುಕೊಂಡು ಹೋಗಿ ಆಪರೇಟರ್ ಕೈಗೆ ಕೊಡಿ. ಸಲ್ಲಿಸುವ ಮೊದಲು ಪರದೆಯ ಮೇಲೆ ಆ ಸಂಖ್ಯೆಯೇ ಬಂದಿದೆಯಾ ಅಂತ ನೋಡಿ. ಮಕ್ಕಳು ಜೊತೆಗಿದ್ದರೆ ಅವರಿಂದ ಓದಿಸಿ. ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಕಾರ್ಡ್ ಮೂರು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿ ಕೂರುತ್ತದೆ. ಅದನ್ನು ಮತ್ತೆ ತಿದ್ದಲು ಸರ್ವರ್ ಬಿಡುವ ತನಕ ಕಾಯಬೇಕು.

ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಅದರ ಸಂಖ್ಯೆಯಿಂದ ಅರ್ಜಿ ಎಲ್ಲಿಗೆ ಬಂತು ಅಂತ ಇಲಾಖೆಯ ತಾಣದಲ್ಲಿ ನೋಡಬಹುದು. ಅರ್ಜಿ ಹಾಕಿದ ತಿಂಗಳೇ ಹೊಸ ಅಂಗಡಿಯ ಲೆಕ್ಕಕ್ಕೆ ಬರುತ್ತೀರಿ ಅಂತ ನಿರೀಕ್ಷೆ ಬೇಡ. ಆ ತಿಂಗಳ ಅಕ್ಕಿ ಹಂಚಿಕೆ ಆಗಲೇ ಆಗಿರುತ್ತದೆ. ಮಧ್ಯದ ಅವಧಿಯಲ್ಲೂ ಯಾವ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ತೆಗೆದುಕೊಳ್ಳುವ ದಾರಿ ಇದ್ದೇ ಇದೆ.

ಇ-ಕೆವೈಸಿಗೆ ನಮ್ಮ ಅಂಗಡಿಗೇ ಹೋಗಬೇಕಾ?

ಬೇಡ. ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಮಾಡಿಸಬಹುದು. ಬೇರೆ ಅಂಗಡಿಯಲ್ಲಿ ಇ-ಕೆವೈಸಿ ಮಾಡಿಸಿದ ಮಾತ್ರಕ್ಕೆ ಕಾರ್ಡ್ ಆ ಅಂಗಡಿಗೆ ಬದಲಾಗುವುದೂ ಇಲ್ಲ.

ನಮ್ಮ ಅಂಗಡಿ ಮುಚ್ಚಿದೆ. ಈಗ ಕಾರ್ಡ್ ಎಲ್ಲಿದೆ?

ಪರವಾನಗಿ ಅಮಾನತಾದಾಗ, ಅಂಗಡಿ ನಡೆಸುವವರು ತೀರಿಕೊಂಡಾಗ ಅಥವಾ ಬಿಟ್ಟುಕೊಟ್ಟಾಗ ಇಲಾಖೆ ಆ ಕಾರ್ಡುಗಳನ್ನು ಪಕ್ಕದ ಅಂಗಡಿಗೆ ತಾತ್ಕಾಲಿಕವಾಗಿ ಸೇರಿಸುತ್ತದೆ. ಕೆಲವು ಸಲ ಪಕ್ಕದ ಅಂಗಡಿಯವರೇ ನಿಮ್ಮ ಊರಿಗೆ ಬಂದು ಗೊತ್ತಾದ ದಿನ ಹಂಚುತ್ತಾರೆ. ಮುಚ್ಚಿದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಎಷ್ಟೋ ಕಡೆ ಅದೂ ಇರುವುದಿಲ್ಲ, ಕೂಲಿ ಬಿಟ್ಟು ಬಂದವರು ಬೀಗ ನೋಡಿ ವಾಪಸ್ ಹೋಗುತ್ತಾರೆ.

ಇಂಥ ಸಮಯದಲ್ಲಿ ಕಾರ್ಡಿನ ಮೇಲಿನ ಸಂಖ್ಯೆ ನೋಡಬೇಡಿ, ತಾಣದಲ್ಲಿ ಈಗಿನ ಅಂಗಡಿ ನೋಡಿ. ಇಲ್ಲವೇ ತಾಲೂಕು ಕಚೇರಿಯಲ್ಲಿ ಆಹಾರ ಶಿರಸ್ತೇದಾರರನ್ನು ಅಥವಾ ಆಹಾರ ನಿರೀಕ್ಷಕರನ್ನು ಕೇಳಿ. ಹೊಸ ಅಂಗಡಿ ತೀರಾ ದೂರ ಅಂತಾದರೆ ಒಬ್ಬೊಬ್ಬರೇ ಅರ್ಜಿ ಹಾಕುವುದಕ್ಕಿಂತ ಊರವರೆಲ್ಲ ಸಹಿ ಮಾಡಿ ತಹಶೀಲ್ದಾರರಿಗೆ ಒಂದೇ ಮನವಿ ಕೊಡಿ. ಎಷ್ಟು ಕಾರ್ಡು, ಎಷ್ಟು ಕಿಲೋಮೀಟರ್, ಬಸ್ ಇದೆಯೋ ಇಲ್ಲವೋ ಅನ್ನುವುದನ್ನು ಬರೆಯಿರಿ. ಊರಿನಲ್ಲೇ ವಿತರಣಾ ಉಪಕೇಂದ್ರ ಬೇಕು ಅಂತ ಕೇಳಲು ಈ ಮೂರು ವಿವರವೇ ಬೇಕಾಗುವುದು.

ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿದ್ದೇವೆ. ಅಲ್ಲಿ ಅಂಗಡಿ ಹೇಗೆ ಹುಡುಕುವುದು?

ಅಲ್ಲಿ ನಿಮಗೆ ಹಂಚಿದ ಅಂಗಡಿ ಅಂತ ಇರುವುದಿಲ್ಲ, ಹುಡುಕುವುದೂ ಬೇಡ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ 2020ರ ಜನವರಿಯಿಂದಲೇ ಇವೆ. ಆಧಾರ್ ಅಥವಾ ಕಾರ್ಡ್ ಸಂಖ್ಯೆ ಹೇಳಿ ಅಲ್ಲಿನ ಯಾವುದೇ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಬಹುದು. ಮನೆಯವರಲ್ಲಿ ಕೆಲವರು ಊರಲ್ಲಿದ್ದರೆ ನಿಮ್ಮ ಪಾಲಿನಷ್ಟು ಮಾತ್ರ ಅಲ್ಲಿ ತೆಗೆದುಕೊಂಡು ಉಳಿದದ್ದನ್ನು ಊರಿನವರಿಗೆ ಬಿಡಬಹುದು. ಎಷ್ಟು ಬೇಕು ಅಂತ ಮೊದಲೇ ಹೇಳಿ.

ಅಲ್ಲಿ ಸಿಗುವುದು ಕೇಂದ್ರದ ಪಾಲು. ಇದು 2023ರ ಜನವರಿಯಿಂದ ಉಚಿತ. ಕರ್ನಾಟಕ ಸರ್ಕಾರ ಕೊಡುವ ಹೆಚ್ಚುವರಿ ಧಾನ್ಯವನ್ನು ಅಲ್ಲಿ ಕೇಳಲು ಬರುವುದಿಲ್ಲ. ಎಪಿಎಲ್ ಕಾರ್ಡಿಗೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ. ಅಂಗಡಿಯವರು ಕೊಡಲ್ಲ ಅಂದರೆ 14445ಕ್ಕೆ ಫೋನ್ ಮಾಡಿ, ಹೊರರಾಜ್ಯದಲ್ಲಿ ಇರುವವರಿಗಾಗಿಯೇ ಇರುವ ಸಹಾಯವಾಣಿ ಅದು.

ಕಂಪ್ಯೂಟರಿನಲ್ಲಿ ನಮಗೆ ಗೊತ್ತೇ ಇಲ್ಲದ ಅಂಗಡಿ ತೋರಿಸುತ್ತಿದೆ. ನಾವು ಅರ್ಜಿ ಹಾಕಿಲ್ಲ. ಯಾರಿಗೆ ಹೇಳಬೇಕು?

ಮೊದಲು ಪಕ್ಕದ ಎರಡು ಮೂರು ಮನೆಯವರ ಕಾರ್ಡ್ ಹಾಕಿ ನೋಡಿ. ಅವರಿಗೂ ಅದೇ ಹೊಸ ಅಂಗಡಿ ಬಂದಿದ್ದರೆ ಇಲಾಖೆಯೇ ಊರನ್ನು ಬದಲಾಯಿಸಿದೆ. ನಿಮ್ಮದೊಂದೇ ಬದಲಾಗಿದ್ದರೆ ತಪ್ಪು ನಮೂದು ಆಗಿದೆ, ಅಥವಾ ಯಾರೋ ನಿಮ್ಮ ಒಟಿಪಿ ಬಳಸಿ ತಿದ್ದುಪಡಿ ಮಾಡಿದ್ದಾರೆ. ಹಿಂದಿನ ತಿಂಗಳುಗಳ ವಿತರಣೆ ವಿವರವನ್ನೂ ನೋಡಿ. ನೀವು ಹೋಗದ ಅಂಗಡಿಯಲ್ಲಿ ನಿಮ್ಮ ಹೆಸರಿನಲ್ಲಿ ಧಾನ್ಯ ಎತ್ತಿದ್ದರೆ ಅದು ಬರೀ ತಿದ್ದುಪಡಿಯ ವಿಷಯ ಅಲ್ಲ, ದೂರು ಕೊಡಬೇಕಾದ ವಿಷಯ.

ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಉದ್ದ ಬೇಕಾಗಿಲ್ಲ. ಹೀಗಿದ್ದರೆ ಸಾಕು:

ಇವರಿಗೆ,
ತಹಶೀಲ್ದಾರರು (ಆಹಾರ ಶಾಖೆ), ………… ತಾಲೂಕು.
ವಿಷಯ: ಪಡಿತರ ಚೀಟಿಯ ನ್ಯಾಯಬೆಲೆ ಅಂಗಡಿ ತಪ್ಪಾಗಿ ನಮೂದಾಗಿರುವ ಬಗ್ಗೆ.
ನನ್ನ ಪಡಿತರ ಚೀಟಿ ಸಂಖ್ಯೆ …………. ನಾನು ………… ಗ್ರಾಮದಲ್ಲಿ ವಾಸವಾಗಿದ್ದೇನೆ. ಈವರೆಗೆ ಅಂಗಡಿ ಸಂಖ್ಯೆ ………… ರಲ್ಲಿ ಪಡಿತರ ಪಡೆಯುತ್ತಿದ್ದೆ. ಈಗ ನನ್ನ ಚೀಟಿ ಅಂಗಡಿ ಸಂಖ್ಯೆ ………… ಕ್ಕೆ ಸೇರಿದೆ ಅಂತ ತೋರಿಸುತ್ತಿದೆ. ಬದಲಾವಣೆಗೆ ನಾನು ಅರ್ಜಿ ಸಲ್ಲಿಸಿಲ್ಲ. ಮೊದಲಿನ ಅಂಗಡಿಗೆ ಸೇರಿಸಬೇಕೆಂದು ಮತ್ತು ಯಾವ ದಿನ, ಯಾವ ಅರ್ಜಿಯ ಮೇಲೆ ಬದಲಾಯಿತು ಅಂತ ತಿಳಿಸಬೇಕೆಂದು ಕೋರುತ್ತೇನೆ. ಹಳೇ ರಸೀದಿಯ ಪ್ರತಿ ಲಗತ್ತಿಸಿದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಬೆಂಗಳೂರು ನಗರದಲ್ಲಿದ್ದರೆ ಇದನ್ನು ರೇಂಜ್ ಆಫೀಸಿಗೆ ಕೊಡಬೇಕು. ಅಲ್ಲಿ ಕೆಲಸ ಆಗದಿದ್ದರೆ ಸೀಲು ಇರುವ ಪ್ರತಿ ಹಿಡಿದು ಜಿಲ್ಲೆಯ ಆಹಾರ ಇಲಾಖೆ ಕಚೇರಿಗೆ ಹೋಗಿ. ಆಹಾರ ಭದ್ರತಾ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು ಅಂತ ಇದೆ. ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಆ ಎರಡೂ ಕಡೆ ಮೊದಲು ಕೇಳುವುದು, ಕೆಳಗಿನ ಕಚೇರಿಗೆ ಯಾವಾಗ ಬರೆದು ಕೊಟ್ಟಿರಿ ಅಂತ.